ಕ್ವಿಂಟಾಲಿಗೆ ಇಪ್ಪತ್ತು ರೂಪಾಯಿ: ಒಂದು ಸಾಲದ ಟಿಪ್ಪಣಿ ಹುಟ್ಟಿದ ಬಗೆ

'ಜಮೀನೈತಿ, ಮನಿ ಐತಿ, ಗಿರಣಿ ಐತಿ. ಎಲ್ಲಾ ಸೇರಿ ಐದು ಕೋಟಿ ಆಸ್ತಿ ಬರೆದು ಕೊಡ್ತೀವ್ರಿ. ಕೇಳಾಕ್ಹತ್ತಿದ್ದು ಎರಡೂವರಿ ಚಿಲ್ರಿ ಕೋಟಿ. ಮತ್ತೇನು ಬೇಕ್ರಿ ಸಾಹೇಬ್ರ ನಿಮಗ?'

ಗಂಗಾವತಿ ಕಡೆಯ ಒಂದು ಅಕ್ಕಿ ಗಿರಣಿಯ ಅಂಗಳದಲ್ಲಿ ಹಿರಿಯಣ್ಣ ನನ್ನನ್ನು ಹೀಗೆ ಕೇಳಿದರು. ಕಿರಿಯ ತಮ್ಮ ಪಕ್ಕದಲ್ಲಿ ಕಾಗದಪತ್ರಗಳ ಚೀಲ ಹಿಡಿದು ನಿಂತಿದ್ದರು. ನಾನು ಆಗ ಬ್ಯಾಂಕಿನ ಸಾಲ ವಿಭಾಗದ ಅಧಿಕಾರಿ. ಅರ್ಜಿ ಪರಿಶೀಲಿಸಿ, ಮೇಲಿನ ಕಚೇರಿಗೆ ಟಿಪ್ಪಣಿ ಬರೆದು ಶಿಫಾರಸು ಮಾಡುವುದು ನನ್ನ ಕೆಲಸ. ಬ್ಯಾಂಕಿನವರು ಅದನ್ನು ಕ್ರೆಡಿಟ್ ನೋಟ್ ಅಥವಾ ಪ್ರೊಸೆಸ್ ನೋಟ್ ಎನ್ನುತ್ತಾರೆ. ಹದಿನೈದು ಇಪ್ಪತ್ತು ಪುಟಗಳ ಆ ಬರಹದ ಕೊನೆಯಲ್ಲಿ ಒಂದು ವಾಕ್ಯ ಬರುತ್ತದೆ: 'ಕೆಳಕಂಡ ಷರತ್ತುಗಳಿಗೆ ಒಳಪಟ್ಟು ಮಂಜೂರಾತಿಗೆ ಶಿಫಾರಸು ಮಾಡಲಾಗಿದೆ.' ಸಾಲ ಕೇಳಿದವರಿಗೆ ಆ ಷರತ್ತುಗಳು ಬ್ಯಾಂಕಿನ ಅಪನಂಬಿಕೆಯಂತೆ ಕಾಣುತ್ತವೆ. ಆದರೆ ಸರಿಯಾಗಿ ಬರೆದ ಟಿಪ್ಪಣಿಯಲ್ಲಿ ಪ್ರತಿಯೊಂದು ಷರತ್ತಿಗೂ ಅದು ಹುಟ್ಟಿದ ಒಂದು ಅಂಕಿ ಇರುತ್ತದೆ, ಆ ಅಂಕಿಯ ಹಿಂದೆ ಒಂದು ಚರಿತ್ರೆಯೂ ಇರುತ್ತದೆ. ಆ ಗಿರಣಿಯ ಟಿಪ್ಪಣಿಯನ್ನೇ ಮುಂದಿಟ್ಟು ಅದನ್ನು ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ, ಲೆಕ್ಕದ ಸ್ವರೂಪವನ್ನು ಬದಲಿಸಿಲ್ಲ.

ಅಡಮಾನ ಸಾಲ ತೀರಿಸುವುದಿಲ್ಲ

ಹಿರಿಯಣ್ಣನ ಪ್ರಶ್ನೆ ತಪ್ಪೇನಲ್ಲ. ಶತಮಾನಗಳ ಕಾಲ ಸಾಲ ಎಂದರೆ ಅಡಮಾನವೇ ಆಗಿತ್ತು. ಬಂಗಾರ ಇಟ್ಟರೆ ಅದರ ತೂಕಕ್ಕೆ ತಕ್ಕಷ್ಟು, ಹೊಲ ಬರೆದುಕೊಟ್ಟರೆ ಅದರ ಬೆಲೆಗೆ ತಕ್ಕಷ್ಟು. ನಾನು ಸೇವೆಗೆ ಸೇರಿದ ಹೊಸತರಲ್ಲಿ ಹಾಗೇ ಯೋಚಿಸುತ್ತಿದ್ದೆ. ಸಾಲದ ಎರಡು ಪಟ್ಟು ಬೆಲೆಬಾಳುವ ಕಟ್ಟಡ ಮತ್ತು ಯಂತ್ರಗಳಿದ್ದ ಒಂದು ಘಟಕಕ್ಕೆ ಬೇರೇನೂ ಹೆಚ್ಚು ನೋಡದೆ ಶಿಫಾರಸು ಮಾಡಿದೆ. ಮೂರನೇ ವರ್ಷಕ್ಕೆ ಅದು ನಿಂತುಹೋಯಿತು. ಹರಾಜು ಕರೆದಾಗ ಎರಡು ಸಲವೂ ಒಬ್ಬರೂ ಕೂಗಲಿಲ್ಲ. ನಡೆಯುವಾಗ ಕೋಟಿ ಬಾಳುತ್ತಿದ್ದ ಯಂತ್ರ, ನಿಂತ ಮೇಲೆ ತೂಕಕ್ಕೆ ಹೋಗುವ ಕಬ್ಬಿಣವಾಗಿತ್ತು. ಆ ಸೋಲು ನನ್ನ ಬರಹದ್ದೇ.

ಈ ಪಾಠವನ್ನು ದೊಡ್ಡ ಬೆಲೆ ತೆತ್ತು ಮೊದಲು ಕಲಿತವರಲ್ಲಿ ಅಮೆರಿಕದ ರೈಲು ಕಂಪನಿಗಳಿಗೆ ಸಾಲ ಕೊಟ್ಟವರಿದ್ದರು. ಹತ್ತೊಂಬತ್ತನೇ ಶತಮಾನದಲ್ಲಿ ಆ ಕಂಪನಿಗಳು ಹಳಿ, ಸೇತುವೆ, ನಿಲ್ದಾಣಗಳನ್ನೇ ಅಡವಿಟ್ಟು ಬಾಂಡ್ ಮೂಲಕ ಸಾಲ ಎತ್ತಿದವು. 1893ರ ಆರ್ಥಿಕ ಕುಸಿತದಲ್ಲಿ ಹಲವು ಕಂಪನಿಗಳು ಮುಳುಗಿದಾಗ ಸಾಲಿಗರಿಗೆ ಒಂದು ಸತ್ಯ ಗೊತ್ತಾಯಿತು. ರೈಲು ಓಡದ ಹಳಿಯನ್ನು ಕೊಳ್ಳುವವರಿಲ್ಲ. ಆದ್ದರಿಂದ ಹಳಿಯ ಬೆಲೆ ಎಷ್ಟು ಎಂಬ ಪ್ರಶ್ನೆ ಹಿಂದೆ ಸರಿದು, ಕಂಪನಿಯ ಗಳಿಕೆ ಅದರ ಬಡ್ಡಿಯ ಎಷ್ಟು ಪಟ್ಟು ಎಂಬ ಪ್ರಶ್ನೆ ಮುಂದೆ ಬಂತು. ಜಾನ್ ಮೂಡಿ 1909ರಲ್ಲಿ ರೈಲು ಬಾಂಡ್‌ಗಳಿಗೆ ದರ್ಜೆ ಕೊಡಲು ಶುರು ಮಾಡಿದ. 1934ರಲ್ಲಿ ಬೆಂಜಮಿನ್ ಗ್ರಹಾಂ ಮತ್ತು ಡೇವಿಡ್ ಡಾಡ್ ತಮ್ಮ 'ಸೆಕ್ಯುರಿಟಿ ಅನಾಲಿಸಿಸ್' ಗ್ರಂಥದಲ್ಲಿ, ಸಾಲದ ಭದ್ರತೆ ನಿಂತಿರುವುದು ಸಾಲಗಾರನ ಗಳಿಸುವ ಶಕ್ತಿಯ ಮೇಲೆ ಎಂಬುದನ್ನು ಸಿದ್ಧಾಂತವಾಗಿಯೇ ಮಂಡಿಸಿದರು. 'ಇಂಟರೆಸ್ಟ್ ಕವರೇಜ್', ಅಂದರೆ ಬಡ್ಡಿಗೆ ಗಳಿಕೆ ಎಷ್ಟು ಪಟ್ಟು ಎಂಬ ಅನುಪಾತ, ಹೀಗೆ ಬಳಕೆಗೆ ಬಂತು.

ನಮ್ಮ ನೆಲದಲ್ಲಿ ಇದೇ ತಿಳಿವಳಿಕೆ ಬೇರೆ ದಾರಿಯಲ್ಲಿ ಬಂದಿತ್ತು. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕ್ ಪಿಗ್ಮಿ ಠೇವಣಿ ಆರಂಭಿಸಿದಾಗ ಏಜೆಂಟರು ದಿನಾ ಮನೆ ಅಂಗಡಿಗಳಿಗೆ ಹೋಗಿ ಎರಡಾಣೆ ಸಂಗ್ರಹಿಸುತ್ತಿದ್ದರು. ಯಾವ ತಿಂಗಳು ಯಾವ ಅಂಗಡಿಯಲ್ಲಿ ಎರಡಾಣೆಯೂ ಕಷ್ಟ, ಯಾವಾಗ ಹೆಚ್ಚು ಕೊಡಬಲ್ಲರು ಎಂಬುದು ಅಂಥ ಏಜೆಂಟರಿಗೆ ತಿಳಿದೇ ಇರುತ್ತಿತ್ತು. ಆಸ್ತಿ ಎಷ್ಟಿದೆ ಎಂದು ಕೇಳದೆ, ಹಣ ಯಾವಾಗ ಬರುತ್ತದೆ ಯಾವಾಗ ಹೋಗುತ್ತದೆ ಎಂದು ನೋಡುವುದೇ ನಗದು ಹರಿವಿನ ಲೆಕ್ಕ. ಅದಕ್ಕೆ ಆಗ ಹೆಸರಿರಲಿಲ್ಲ, ಅಷ್ಟೇ.

ಒಂದೇ ಗಿರಣಿ, ಮೂರು ಉತ್ತರ

ಅಣ್ಣತಮ್ಮಂದಿರ ಬೇಡಿಕೆ ಹೀಗಿತ್ತು. ಅವರದು ಗಂಟೆಗೆ ನಾಲ್ಕು ಟನ್ ಭತ್ತ ಅರೆಯುವ ಗಿರಣಿ. ಅದಕ್ಕೆ ಸ್ಟೀಮ್ ಅಕ್ಕಿ ಮಾಡುವ ಘಟಕ, ಉಮಿಯಿಂದ ಉರಿಯುವ ಬಾಯ್ಲರ್, ಡ್ರೈಯರ್ ಮತ್ತು ಬಣ್ಣ ನೋಡಿ ಕಾಳು ಬೇರ್ಪಡಿಸುವ ಸಾರ್ಟೆಕ್ಸ್ ಯಂತ್ರ ಸೇರಿಸಬೇಕು. ಒಟ್ಟು ವೆಚ್ಚ 3 ಕೋಟಿ 60 ಲಕ್ಷ. ಅದರಲ್ಲಿ 2 ಕೋಟಿ 70 ಲಕ್ಷ ಟರ್ಮ್ ಲೋನ್, ಉಳಿದ 90 ಲಕ್ಷ ತಮ್ಮ ಪಾಲು, ಅಂದರೆ ಮಾರ್ಜಿನ್. ತೀರಿಸಲು ಐದು ವರ್ಷ. ಬಡ್ಡಿ ಶೇ 10.

ಲೆಕ್ಕ ಪರಿಶೋಧಕರು ಮಾಡಿಕೊಟ್ಟ ಅಂದಾಜು ಪಟ್ಟಿಯಲ್ಲಿ ಮೊದಲ ವರ್ಷದ ನಿವ್ವಳ ಲಾಭ 78 ಲಕ್ಷ ಎಂದಿತ್ತು. ಕಳೆದ ವರ್ಷದ ಲಾಭ 42 ಲಕ್ಷ. ಇಷ್ಟು ಏರಿಕೆ ಎಲ್ಲಿಂದ ಬಂತು ಎಂದು ಹುಡುಕಿದರೆ, ಹೊಸ ವರ್ಷ 1 ಲಕ್ಷ 40 ಸಾವಿರ ಕ್ವಿಂಟಾಲ್ ಭತ್ತ ಅರೆಯುತ್ತೇವೆ ಎಂಬ ಊಹೆ ಅದರ ಬುಡದಲ್ಲಿತ್ತು. ಅಲ್ಲಿಯವರೆಗೆ ಗಿರಣಿ ಅತಿ ಹೆಚ್ಚು ಅರೆದದ್ದು 93 ಸಾವಿರ ಕ್ವಿಂಟಾಲ್. ಆ ಮಾತೂ ನಿಜವೇ ಎಂದು ನೋಡಲು ಒಂದು ಸುಲಭ ದಾರಿಯಿದೆ. ಮೂರು ವರ್ಷದ ಕರೆಂಟ್ ಬಿಲ್ ತೆಗೆದು, ಸುಟ್ಟ ಯೂನಿಟ್‌ಗಳನ್ನು ಅರೆದ ಕ್ವಿಂಟಾಲ್‌ಗಳಿಂದ ಭಾಗಿಸಬೇಕು. ಒಂದು ಗಿರಣಿಯಲ್ಲಿ ಈ ಅಂಕಿ ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗುವುದಿಲ್ಲ. ಯಾವುದಾದರೂ ವರ್ಷ ದಿಢೀರನೆ ಕುಸಿದಿದ್ದರೆ, ಅರೆಯದ ಭತ್ತವನ್ನು ಅರೆದಂತೆ ಬರೆದಿದ್ದಾರೆ ಎಂದು ಅರ್ಥ. ಇವರ ಬಿಲ್ಲುಗಳು ಲೆಕ್ಕಕ್ಕೆ ಹೊಂದಿಕೊಂಡವು. ಹಾಗಾಗಿ 93 ಸಾವಿರವನ್ನು ನಂಬಿದೆ, ಮೊದಲ ವರ್ಷಕ್ಕೆ 1 ಲಕ್ಷ 10 ಸಾವಿರ ಕ್ವಿಂಟಾಲ್ ಎಂದು ಇಟ್ಟುಕೊಂಡೆ.

ಆ ಪ್ರಮಾಣಕ್ಕೆ ಲಾಭ 78 ಲಕ್ಷದಿಂದ 30 ಲಕ್ಷಕ್ಕೆ ಇಳಿಯಿತು. ಅಂದರೆ ಹೊಸ ಯಂತ್ರ ಬಂದ ಮೊದಲ ವರ್ಷ ಲಾಭ ಹಿಂದಿನ ವರ್ಷಕ್ಕಿಂತಲೂ ಕಡಿಮೆ. ಹೆಚ್ಚು ಅರೆದು ಬಂದ ಆದಾಯವನ್ನು ಹೊಸ ಸಾಲದ ಬಡ್ಡಿಯೂ ಹೊಸ ಯಂತ್ರದ ಸವಕಳಿಯೂ ತಿಂದುಹಾಕುತ್ತಿದ್ದವು. ಇದರಿಂದ ಗಾಬರಿಪಡಬೇಕಿಲ್ಲ. ಸವಕಳಿ ಲೆಕ್ಕದ ಪುಸ್ತಕದಲ್ಲಿ ಕಳೆಯುವ ಖರ್ಚು, ಅದಕ್ಕಾಗಿ ಆ ವರ್ಷ ಯಾರಿಗೂ ಹಣ ಎಣಿಸಿ ಕೊಡುವುದಿಲ್ಲ. ಆದ್ದರಿಂದಲೇ ಸಾಲ ತೀರಿಸುವ ಶಕ್ತಿ ಅಳೆಯುವಾಗ ಅದನ್ನು ಲಾಭಕ್ಕೆ ಮರಳಿ ಸೇರಿಸುತ್ತೇವೆ.

ಮೊದಲ ಅಳತೆ, ಬಡ್ಡಿಯ ಕವರೇಜ್. ಬಡ್ಡಿ, ಸವಕಳಿ, ತೆರಿಗೆ ಕಳೆಯುವ ಮುಂಚೆ ಗಿರಣಿಯ ಗಳಿಕೆ ಸುಮಾರು 1 ಕೋಟಿ 62 ಲಕ್ಷ. ಭತ್ತ ಕೊಳ್ಳಲು ಬಳಸುವ ಕ್ಯಾಶ್ ಕ್ರೆಡಿಟ್ ಖಾತೆಯದೂ ಸೇರಿ ವರ್ಷದ ಬಡ್ಡಿ 57 ಲಕ್ಷ. ಗಳಿಕೆ ಬಡ್ಡಿಯ 2.8 ಪಟ್ಟು. ಇಷ್ಟನ್ನೇ ನೋಡಿದರೆ ಕಣ್ಣು ಮುಚ್ಚಿ ಸಹಿ ಹಾಕಬಹುದು.

ಆದರೆ ರೈಲು ಬಾಂಡಿಗೂ ನಮ್ಮ ಟರ್ಮ್ ಲೋನಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಬಾಂಡಿನಲ್ಲಿ ಸಾಮಾನ್ಯವಾಗಿ ವರ್ಷವರ್ಷ ಬಡ್ಡಿ ಕಟ್ಟಿ ಅಸಲನ್ನು ಕೊನೆಗೆ ಒಟ್ಟಿಗೆ ಹಿಂದಿರುಗಿಸುತ್ತಾರೆ. ಟರ್ಮ್ ಲೋನಿನಲ್ಲಿ ಅಸಲೂ ಕಂತುಕಂತಾಗಿ ಹೋಗಬೇಕು. ಅದಕ್ಕೇ ಎರಡನೇ ಅಳತೆ, ಡೆಟ್ ಸರ್ವೀಸ್ ಕವರೇಜ್ ರೇಷಿಯೊ, ಬ್ಯಾಂಕಿನವರ ಬಾಯಲ್ಲಿ ಡಿಎಸ್‌ಸಿಆರ್. ನಿವ್ವಳ ಲಾಭ, ಸವಕಳಿ, ಟರ್ಮ್ ಲೋನಿನ ಬಡ್ಡಿ ಈ ಮೂರನ್ನು ಕೂಡಿಸಿ, ಆ ವರ್ಷ ಕಟ್ಟಬೇಕಾದ ಅಸಲು ಮತ್ತು ಬಡ್ಡಿಯ ಮೊತ್ತದಿಂದ ಭಾಗಿಸಿದರೆ ಬರುವ ಅಂಕಿ ಅದು. 1959ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ಹಣಕಾಸು ಸಂಸ್ಥೆ, 1964ರಲ್ಲಿ ಬಂದ ಐಡಿಬಿಐ ಮುಂತಾದ, ಯಂತ್ರ ಕಟ್ಟಡಗಳಿಗೆ ದೀರ್ಘಾವಧಿ ಸಾಲ ಕೊಡುವ ಸಂಸ್ಥೆಗಳ ಯೋಜನಾ ವರದಿಗಳಲ್ಲಿ ಈ ಅಂಕಿಗೆ ಮೊದಲ ಸ್ಥಾನ. ನಮ್ಮ ಗಿರಣಿಯಲ್ಲಿ ಮೇಲಿನ ಸಾಲು 30, 62, 25 ಸೇರಿ 117 ಲಕ್ಷ. ಕೆಳಗಿನ ಸಾಲು 54 ಲಕ್ಷ ಅಸಲು, 25 ಲಕ್ಷ ಬಡ್ಡಿ, ಒಟ್ಟು 79 ಲಕ್ಷ. ಅನುಪಾತ 1.48. ಸರಾಸರಿ 1.5 ಇದ್ದರೆ ಒಳ್ಳೆಯದು ಎಂಬ ರೂಢಿಗೆ ಇದು ಹತ್ತಿರವೇ ಇತ್ತು.

ಮೂರನೇ ಅಳತೆ, ನಗದಿನದು. 117 ಲಕ್ಷವೂ ಕಂತು ಕಟ್ಟಲು ಸಿಗುತ್ತದೆಯೇ? ಎರಡು ಸಂಸಾರಗಳು ಗಿರಣಿಯಿಂದಲೇ ಬದುಕುತ್ತವೆ. ಹಿಂದಿನ ಮೂರು ವರ್ಷಗಳ ಬಂಡವಾಳ ಖಾತೆ ನೋಡಿದಾಗ ಮನೆಖರ್ಚು, ಮಕ್ಕಳ ಫೀಸು, ಮದುವೆ ಮುಂಜಿಗೆಂದು ಅವರು ವರ್ಷಕ್ಕೆ ಸರಾಸರಿ 18 ಲಕ್ಷ ತೆಗೆಯುತ್ತಿದ್ದರು. ಇನ್ನೊಂದು ಖರ್ಚು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹೆಚ್ಚು ಅರೆಯಬೇಕಾದರೆ ಹೆಚ್ಚು ಭತ್ತ ಕೂಡಿಡಬೇಕು. ಕೊಯ್ಲಿನಲ್ಲಿ ಕೊಂಡದ್ದನ್ನು ತಿಂಗಳುಗಟ್ಟಲೆ ಇಟ್ಟುಕೊಂಡು ಅರೆಯಬೇಕು. ಇದಕ್ಕೆ 1 ಕೋಟಿ 20 ಲಕ್ಷದ ಹೆಚ್ಚುವರಿ ದಾಸ್ತಾನು ಬೇಕಿತ್ತು. ಅದರ ಮುಕ್ಕಾಲು ಪಾಲನ್ನು ಬ್ಯಾಂಕಿನ ಕ್ಯಾಶ್ ಕ್ರೆಡಿಟ್ ಕೊಟ್ಟರೂ ಕಾಲು ಪಾಲು, ಅಂದರೆ 30 ಲಕ್ಷ, ಮಾಲೀಕರೇ ಹಾಕಬೇಕು.

117ರಿಂದ 18 ಮತ್ತು 30 ಕಳೆದರೆ ಉಳಿದದ್ದು 69 ಲಕ್ಷ. ಕಟ್ಟಬೇಕಾದದ್ದು 79 ಲಕ್ಷ. ಅನುಪಾತ 0.87. ಲಾಭದಲ್ಲಿರುವ, ಬಡ್ಡಿಯ ಸುಮಾರು ಮೂರು ಪಟ್ಟು ಗಳಿಸುವ ಗಿರಣಿಗೆ ವರ್ಷದ ಕೊನೆಗೆ 10 ಲಕ್ಷ ಕೊರತೆ. ಕಂತು 90 ದಿನ ಮೀರಿ ಬಾಕಿ ಉಳಿದರೆ ಖಾತೆ ಅನುತ್ಪಾದಕ ಎನಿಸಿಕೊಳ್ಳುತ್ತದೆ. 2004ರ ಮಾರ್ಚ್ 31ರಿಂದ ಜಾರಿಯಲ್ಲಿರುವ ಈ ನಿಯಮಕ್ಕೆ ಗಿರಣಿ ಲಾಭದಲ್ಲಿದೆಯೇ ಇಲ್ಲವೇ ಎಂಬುದು ಮುಖ್ಯವಲ್ಲ.

ಹಳೆಯ ಎರಡು ಸಮಿತಿಗಳ ನೆರಳು

ಆ ಕಾಲು ಪಾಲಿನ ನಿಯಮ ಎಲ್ಲಿಂದ ಬಂತು? 1974ರಲ್ಲಿ ರಿಸರ್ವ್ ಬ್ಯಾಂಕ್ ಪ್ರಕಾಶ್ ಟಂಡನ್ ಅವರ ಅಧ್ಯಕ್ಷತೆಯಲ್ಲಿ ಒಂದು ಅಧ್ಯಯನ ತಂಡ ನೇಮಿಸಿತು. ಮರುವರ್ಷ ಬಂದ ಅದರ ವರದಿ, ದುಡಿಯುವ ಬಂಡವಾಳಕ್ಕೆ ಬ್ಯಾಂಕು ಪೂರ್ತಿ ಹಣ ಕೊಡಬಾರದು, ಸಾಲಗಾರ ತನ್ನ ದೀರ್ಘಾವಧಿ ಹಣದಿಂದ ಒಂದು ಪಾಲು ಹಾಕಲೇಬೇಕು ಎಂದಿತು. ಆ ವರದಿಯ ಎರಡನೇ ವಿಧಾನದಂತೆ ಒಟ್ಟು ಚಾಲ್ತಿ ಆಸ್ತಿಯ ಶೇ 25 ಸಾಲಗಾರನದು. ಸಣ್ಣ ಘಟಕಗಳಿಗೆ ಮುಂದೆ ನಾಯಕ್ ಸಮಿತಿಯ ಸರಳ ಸೂತ್ರ ಬಂತು, ವಹಿವಾಟಿನ ಶೇ 20ರಷ್ಟು ಸಾಲ ಎಂದು. ಆದರೂ ದಾಸ್ತಾನಿನ ಮೇಲೆ ಕಾಲು ಪಾಲು ಮಾರ್ಜಿನ್ ಹಿಡಿಯುವ ರೂಢಿ ಬ್ಯಾಂಕುಗಳಲ್ಲಿ ಗಟ್ಟಿಯಾಗಿ ಉಳಿದಿದೆ. ವಿಸ್ತರಣೆಗೆ ಹೊರಟವರು ಯಂತ್ರದ ಬೆಲೆ ಲೆಕ್ಕ ಹಾಕಿ, ಯಂತ್ರದ ಬಾಯಿಗೆ ಹಾಕುವ ಮಾಲಿನ ಬೆಲೆ ಮರೆಯುವುದು ನಾನು ಕಂಡ ಅತಿ ಸಾಮಾನ್ಯ ತಪ್ಪು.

ಇನ್ನೊಂದು ತಪ್ಪು ಅದಕ್ಕಿಂತ ಹಳೆಯದು. 1968ರಲ್ಲಿ ನೇಮಕವಾದ ದೆಹೇಜಿಯಾ ಸಮಿತಿ, ಕೈಗಾರಿಕೆಗಳು ದಾಸ್ತಾನಿಗೆಂದು ಪಡೆದ ಅಲ್ಪಾವಧಿ ಸಾಲವನ್ನು ಯಂತ್ರ ಕಟ್ಟಡಗಳಿಗೆ ತಿರುಗಿಸುತ್ತಿವೆ ಎಂದು ಗುರುತಿಸಿತ್ತು. ಅರ್ಧ ಶತಮಾನದ ಮೇಲೆ ನನ್ನ ಮುಂದೆ ಅದೇ ಇತ್ತು. '90 ಲಕ್ಷ ಮಾರ್ಜಿನ್‌ನಾಗ 30 ಲಕ್ಷ ಈಗಾಗಲೇ ಮಷೀನಿನವರಿಗೆ ಅಡ್ವಾನ್ಸ್ ಕೊಟ್ಟೀವ್ರಿ' ಎಂದು ಕಿರಿಯ ತಮ್ಮ ರಸೀದಿ ತೋರಿಸಿದರು. ಹಣ ಯಾವ ಖಾತೆಯಿಂದ ಹೋಯಿತು ಎಂದು ನೋಡಿದೆ. ಭತ್ತ ಕೊಳ್ಳಲು ಬ್ಯಾಂಕು ಕೊಟ್ಟಿದ್ದ ಕ್ಯಾಶ್ ಕ್ರೆಡಿಟ್ ಖಾತೆಯಿಂದಲೇ ಹೋಗಿತ್ತು. ಅಂದರೆ ಅವರು ತೋರಿಸಿದ ಸ್ವಂತ ಪಾಲಿನಲ್ಲಿ ಮೂರನೇ ಒಂದು ಭಾಗ ಬ್ಯಾಂಕಿನದೇ ಸಾಲ. ಅವರಿಗೆ ಮೋಸದ ಉದ್ದೇಶವಿರಲಿಲ್ಲ. ಖಾತೆಯಲ್ಲಿ ಹಣವಿತ್ತು, ಯಂತ್ರದವರು ಅವಸರ ಮಾಡಿದರು, ಕೊಟ್ಟರು. ಆದರೆ ಕೊಯ್ಲು ಬಂದಾಗ ಆ 30 ಲಕ್ಷದ ಭತ್ತ ಗೋದಾಮಿನಲ್ಲಿ ಇರುವುದಿಲ್ಲ. ವರ್ಷವಿಡೀ ಅಷ್ಟು ಕಡಿಮೆ ಅರೆಯಬೇಕಾಗುತ್ತದೆ.

ಹಿಂದೆ ಯಂತ್ರದ ಸಾಲ ಹಣಕಾಸು ಸಂಸ್ಥೆಯದು, ದಾಸ್ತಾನಿನ ಸಾಲ ಬ್ಯಾಂಕಿನದು ಎಂದು ಹಂಚಿಹೋಗಿತ್ತು. ಇಬ್ಬರೂ ಒಂದೊಂದು ಕಣ್ಣಿನಿಂದ ನೋಡುತ್ತಿದ್ದರು. ಬ್ಯಾಂಕುಗಳೇ ಎರಡನ್ನೂ ಕೊಡತೊಡಗಿದ ಮೇಲೆ ಒಂದು ಖಾತೆಯ ಹಣ ಇನ್ನೊಂದರ ಕೆಲಸಕ್ಕೆ ಸೋರುವುದನ್ನು ಒಂದೇ ಮೇಜಿನ ಮೇಲೆ ನೋಡಲು ಸಾಧ್ಯವಾಯಿತು. ಈ ಅನುಕೂಲವನ್ನು ಬಳಸದ ಟಿಪ್ಪಣಿ ಬರೆದೂ ಪ್ರಯೋಜನವಿಲ್ಲ.

ಬೇಡ ಎನ್ನುವುದೋ, ಬದಲಿಸುವುದೋ

0.87 ಎಂಬ ಅಂಕಿ ಹಿಡಿದು ಅರ್ಜಿ ತಿರಸ್ಕರಿಸಬಹುದಿತ್ತು. ಆದರೆ ಆ ಅಂಕಿಯಲ್ಲಿ ಗಿರಣಿಯ ದೋಷಕ್ಕಿಂತ ಸಾಲದ ಆಕಾರದ ದೋಷ ಹೆಚ್ಚಿತ್ತು. ಹಲವು ವರ್ಷ ದುಡಿಯುವ ಯಂತ್ರವನ್ನು ಐದು ವರ್ಷದಲ್ಲಿ ತೀರಿಸಲು ಹೊರಟಿದ್ದರು. ಅದೂ ಗೌರವದ ಮಾತು ಅವರಿಗೆ: 'ಸಾಲ ಲಗೂನ ಮುಗಿಸಿಬಿಡಬೇಕ್ರಿ' ಎಂದಿದ್ದರು ಹಿರಿಯಣ್ಣ. ಹಾಗಾಗಿ ಲೆಕ್ಕವನ್ನು ಹೊಸದಾಗಿ ಹಾಕಿದೆ.

ಸಾಲವನ್ನು 2 ಕೋಟಿ 52 ಲಕ್ಷಕ್ಕೆ ಇಳಿಸಿ, ಮಾಲೀಕರ ಪಾಲನ್ನು 1 ಕೋಟಿ 8 ಲಕ್ಷಕ್ಕೆ ಏರಿಸಿದೆ. ಯಂತ್ರ ಕೂಡಿಸುವ ಆರು ತಿಂಗಳು ಬಡ್ಡಿ ಮಾತ್ರ, ಆಮೇಲೆ ಏಳು ವರ್ಷದ ಕಂತು. ಈಗ ವರ್ಷಕ್ಕೆ ಅಸಲು 36 ಲಕ್ಷ, ಮೊದಲ ವರ್ಷದ ಬಡ್ಡಿ 24 ಲಕ್ಷ, ಒಟ್ಟು 60 ಲಕ್ಷ. ಮೇಲಿನ ಸಾಲು 117 ಲಕ್ಷವೇ ಉಳಿಯಿತು. ಬಡ್ಡಿ ಒಂದು ಲಕ್ಷ ತಗ್ಗಿತು, ಲಾಭ ಹೆಚ್ಚು ಕಡಿಮೆ ಅಷ್ಟೇ ಏರಿತು. ಮನೆಗೆ ತೆಗೆಯುವ ಹಣ ವರ್ಷಕ್ಕೆ 12 ಲಕ್ಷ ಮೀರಬಾರದು ಎಂದು ಹಿಡಿದರೆ, 117ರಿಂದ 12 ಮತ್ತು 30 ಕಳೆದು 75 ಲಕ್ಷ ಉಳಿಯುತ್ತದೆ. 75ನ್ನು 60ರಿಂದ ಭಾಗಿಸಿದರೆ 1.25.

1.25 ಸಾಕೇ? ಅನುಪಾತವನ್ನು ಅನುಪಾತವಾಗಿಯೇ ಬಿಟ್ಟರೆ ಇದಕ್ಕೆ ಉತ್ತರ ಸಿಗದು. ಅದನ್ನು ಆ ವ್ಯಾಪಾರದ ಭಾಷೆಗೆ ತರಬೇಕು. ವರ್ಷಕ್ಕೆ 1 ಲಕ್ಷ 10 ಸಾವಿರ ಕ್ವಿಂಟಾಲ್ ಭತ್ತ. ಕ್ವಿಂಟಾಲಿಗೆ 20 ರೂಪಾಯಿ ದುಬಾರಿಯಾಗಿ, ಅಕ್ಕಿಯ ಬೆಲೆಯಲ್ಲಿ ಅದು ವಸೂಲಾಗದಿದ್ದರೆ 22 ಲಕ್ಷ ನಷ್ಟ. ಅಷ್ಟು ಲಾಭಕ್ಕೆ ಕಟ್ಟುತ್ತಿದ್ದ ತೆರಿಗೆ ಉಳಿಯುವುದರಿಂದ ಕೈಗೆ ತಾಗುವ ಪೆಟ್ಟು ಸುಮಾರು 15 ಲಕ್ಷ. 75ರಿಂದ 15 ಹೋದರೆ 60. ಅನುಪಾತ ಸರಿಯಾಗಿ 1. ಅಂದರೆ 1.25 ಎಂಬ ಅಂಕಿಯ ಒಳಗಿದ್ದ ಅಂತರ ಕ್ವಿಂಟಾಲಿಗೆ 20 ರೂಪಾಯಿ. ಭತ್ತದ ಧಾರಣೆ 2,200 ರೂಪಾಯಿ ಇದ್ದಾಗ ಅದು ಶೇ ಒಂದಕ್ಕಿಂತಲೂ ಕಡಿಮೆ.

ಈ ಅಂಕಿಯನ್ನು ಹೇಳಿದಾಗ ಹಿರಿಯಣ್ಣ ಮಾತಾಡಲಿಲ್ಲ. ಡಿಎಸ್‌ಸಿಆರ್ ಎಂದಾಗ ತಲೆಯಾಡಿಸಿದ್ದವರಿಗೆ 20 ರೂಪಾಯಿ ಎಂದಾಗ ವಿಷಯ ಎದೆಗೆ ತಾಗಿತು. ಕೊಯ್ಲಿನ ದಿನಗಳಲ್ಲಿ ಬೆಳಿಗ್ಗೆಯಿಂದ ಸಂಜೆಯೊಳಗೆ ಧಾರಣೆ ಅಷ್ಟು ಏರಿಳಿಯುವುದನ್ನು ಅವರು ಕಂಡವರು. ಮೇಲಾಗಿ ತುಂಗಭದ್ರಾ ಎಡದಂಡೆ ಕಾಲುವೆಯ ಎರಡನೇ ಬೆಳೆ ಅಣೆಕಟ್ಟೆಯ ನೀರಿನ ಮೇಲೆ ನಿಂತಿದೆ. ನೀರು ಸಾಲದ ವರ್ಷ ಬೇಸಿಗೆ ಭತ್ತವಿಲ್ಲ, ಗಿರಣಿಗಳೆಲ್ಲ ಇರುವಷ್ಟಕ್ಕೇ ಮುಗಿಬೀಳುತ್ತವೆ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದ ಸುದ್ದಿ ಕೇಳಿದಾಗ ನನಗೆ ಮೊದಲು ನೆನಪಾದದ್ದು ಇಂಥ ಗಿರಣಿಗಳ ಡಿಎಸ್‌ಸಿಆರ್.

ಐದು ಷರತ್ತು

ಟಿಪ್ಪಣಿಯ ಕೊನೆಯ ಪುಟ ಹೀಗೆ ಸಿದ್ಧವಾಯಿತು. ಮೊದಲನೆಯದು, 1 ಕೋಟಿ 8 ಲಕ್ಷದ ಮಾರ್ಜಿನ್ ಪೂರ್ತಿ ಬಂದ ಮೇಲೆಯೇ ಸಾಲದ ಬಿಡುಗಡೆ. ಕ್ಯಾಶ್ ಕ್ರೆಡಿಟ್‌ನಿಂದ ಹೋದ 30 ಲಕ್ಷವನ್ನು ಮೊದಲು ಆ ಖಾತೆಗೆ ತುಂಬಬೇಕು. ಎರಡನೆಯದು, ಕಂತುಗಳು ಸಮನಾಗಿರಬಾರದು. ಭತ್ತ ಕೊಳ್ಳಲು ಹಣ ಬೇಕಾಗುವ ಡಿಸೆಂಬರ್ ಮತ್ತು ಜೂನ್ ತ್ರೈಮಾಸಿಕಗಳಲ್ಲಿ ಅಸಲು ತಲಾ 4 ಲಕ್ಷ, ಅಕ್ಕಿ ಮಾರಿ ಹಣ ಬರುವ ಮಾರ್ಚ್ ಮತ್ತು ಸೆಪ್ಟೆಂಬರಿನಲ್ಲಿ ತಲಾ 14 ಲಕ್ಷ. ಮೂರನೆಯದು, ನಗದಿನ ಅನುಪಾತ 1.5 ದಾಟುವವರೆಗೆ ಮನೆಗೆ ತೆಗೆಯುವ ಹಣ ವರ್ಷಕ್ಕೆ 12 ಲಕ್ಷ ಮೀರಬಾರದು.

ನಾಲ್ಕನೆಯದು ಮೀಸಲು. ವರ್ಷದ ಪಾವತಿಯ ಕಾಲು ಭಾಗ, ಅಂದರೆ 15 ಲಕ್ಷ, ಠೇವಣಿಯಾಗಿ ಬ್ಯಾಂಕಿನ ಹಕ್ಕಿನಲ್ಲಿರಬೇಕು. ಕಂತಿಗೆ ಕೊರತೆಯಾದರೆ ಅದರಿಂದ ತೆಗೆದು, ಮುಂದಿನ ಹಂಗಾಮಿನಲ್ಲಿ ತುಂಬಬೇಕು. 15 ಲಕ್ಷ ಏಕೆ ಎಂದರೆ, ಇನ್ನೊಂದು 20 ರೂಪಾಯಿಯ ಪೆಟ್ಟನ್ನು ಅದು ತಡೆಯುತ್ತದೆ. ಐದನೆಯದು, ಮಾರಾಟದ ಹಣವೆಲ್ಲ ನಮ್ಮ ಖಾತೆಯಲ್ಲೇ ಜಮೆಯಾಗಬೇಕು. ಹಿಂದಿನ ವರ್ಷ ಮಾರಾಟ 24 ಕೋಟಿ ಇದ್ದರೂ ಖಾತೆಗೆ ಬಂದದ್ದು 19 ಕೋಟಿ. ಕೆಲವು ದಲ್ಲಾಳಿಗಳ ಜತೆ ಕೊಡುಕೊಳ್ಳುವ ಹೊಂದಾಣಿಕೆ, ಇನ್ನು ಕೆಲವು ಬೇರೆ ಬ್ಯಾಂಕಿನ ಖಾತೆ. ಹಣ ಕಣ್ಣ ಮುಂದೆ ಹರಿಯದಿದ್ದರೆ ಮೇಲಿನ ನಾಲ್ಕು ಷರತ್ತುಗಳೂ ಕಾಗದದ ಮೇಲಷ್ಟೇ ಉಳಿಯುತ್ತವೆ.

ಮಾರ್ಜಿನ್‌ಗೆ ಅವರ ಕೈಯಲ್ಲಿ ನಿಜವಾಗಿ ಇದ್ದದ್ದು 60 ಲಕ್ಷ. ಮೀಸಲು ಸೇರಿಸಿದರೆ ಇನ್ನೂ 63 ಲಕ್ಷ ಬೇಕಿತ್ತು. ಅಡಮಾನಕ್ಕೆಂದು ತೋರಿಸಿದ್ದ ಐದು ಕೋಟಿ ಆಸ್ತಿಯಲ್ಲಿ ಊರ ಬಡಾವಣೆಯ ಒಂದು ಖಾಲಿ ನಿವೇಶನವಿತ್ತು. 'ಇದನ್ನು ನಮಗೆ ಬರೆದುಕೊಡುವ ಬದಲು ಮಾರಿಬಿಡಿ, ಅಣ್ಣಾವ್ರೇ' ಎಂದೆ. ಸಾಲಗಾರರಿಗೆ ಅಡಮಾನ ಕಡಿಮೆ ಮಾಡಿ ಎಂದು ಬ್ಯಾಂಕಿನವನು ಹೇಳಿದ್ದು ಅವರಿಗೆ ವಿಚಿತ್ರವೆನಿಸಿತು. ಎರಡು ತಿಂಗಳು ಯೋಚಿಸಿ 65 ಲಕ್ಷಕ್ಕೆ ಮಾರಿದರು. ಬ್ಯಾಂಕಿನ ಕಪಾಟಿನಲ್ಲಿ ಪತ್ರವಾಗಿ ಮಲಗಬೇಕಿದ್ದ ನಿವೇಶನ ಕಂತು ಕಟ್ಟುವ ಶಕ್ತಿಯಾಗಿ ಬದಲಾಯಿತು. ಇಡೀ ಟಿಪ್ಪಣಿಯಲ್ಲಿ ನನಗೆ ಹೆಚ್ಚು ಸಮಾಧಾನ ಕೊಟ್ಟದ್ದು ಇದು.

ಸಹಿಯಾದ ಮೇಲೆ

ಮಂಜೂರಾತಿ ಪತ್ರಕ್ಕೆ ಸಹಿ ಬಿದ್ದ ಮೇಲೆ ಷರತ್ತುಗಳನ್ನು ಫೈಲಿನಲ್ಲಿ ಬಿಟ್ಟರೆ ಅವು ಸಾಯುತ್ತವೆ. ಸಾಲ ದಾರಿ ತಪ್ಪುತ್ತಿದೆ ಎಂಬುದನ್ನು ಬ್ಯಾಲೆನ್ಸ್ ಶೀಟ್ ಬರುವವರೆಗೆ ಕಾಯದೆ ತಿಳಿಯಬಹುದು. ಕ್ಯಾಶ್ ಕ್ರೆಡಿಟ್ ಖಾತೆ ಹಂಗಾಮು ಮುಗಿದರೂ ಇಳಿಯದೆ ಮಿತಿಯ ಅಂಚಿನಲ್ಲೇ ನಿಂತಿದ್ದರೆ, ಮಾರಾಟದ ಹಣ ಬೇರೆಡೆ ಹೋಗುತ್ತಿದೆ. ಟರ್ಮ್ ಲೋನಿನ ಕಂತು ಅದೇ ಕ್ಯಾಶ್ ಕ್ರೆಡಿಟ್‌ನಿಂದ ಹೋಗುತ್ತಿದ್ದು ಅಲ್ಲಿಗೆ ಅಷ್ಟು ಜಮೆ ಬರದಿದ್ದರೆ, ಒಂದು ಸಾಲದಿಂದ ಇನ್ನೊಂದು ಸಾಲ ತೀರುತ್ತಿದೆ. ತಿಂಗಳ ದಾಸ್ತಾನು ಪಟ್ಟಿಯಲ್ಲಿ ಅಂಕಿ ಬದಲಾಗದೇ ಇದ್ದರೆ, ಗೋದಾಮಿಗೆ ಹೋಗಿ ಚೀಲಗಳ ಅಟ್ಟಿಯ ಮೇಲೆ ಹತ್ತಿ ನೋಡಬೇಕು. ಸುತ್ತ ಚೀಲ, ಒಳಗೆ ಟೊಳ್ಳು ಇರುವ ಅಟ್ಟಿಗಳನ್ನು ನಾನು ಬೇರೆಡೆ ಕಂಡಿದ್ದೇನೆ.

ಕಂತಿನ ಮೊದಲ ವರ್ಷವೇ ಪರೀಕ್ಷೆ ಬಂತು. ಬೇಸಿಗೆ ಬೆಳೆ ಕಡಿಮೆಯಾಗಿ ಭತ್ತ ದುಬಾರಿಯಾಯಿತು, ಅಕ್ಕಿಯ ಬೆಲೆ ಅದರ ಜತೆ ಏರಲಿಲ್ಲ. ವರ್ಷದ ಕೊನೆಗೆ ನೋಡಿದರೆ ಕ್ವಿಂಟಾಲಿಗೆ 27 ರೂಪಾಯಿ ಕೈಬಿಟ್ಟಿತ್ತು. ಇದ್ದ ಅಂತರ 20. ಕಂತಿಗೆ 5 ಲಕ್ಷ ಚಿಲ್ಲರೆ ಕಡಿಮೆಬಿತ್ತು, ಮೀಸಲು ಠೇವಣಿಯಿಂದ ತೆಗೆದು ತುಂಬಿದೆವು. ಅವರು ಮೊದಲು ಕೇಳಿದಂತೆ ಐದು ವರ್ಷದ ಸಾಲವನ್ನೇ ಕೊಟ್ಟಿದ್ದರೆ ಆ ವರ್ಷದ ಕೊರತೆ ಸುಮಾರು 30 ಲಕ್ಷ ಆಗುತ್ತಿತ್ತು. ಐದು ಕೋಟಿ ಆಸ್ತಿ ಇದ್ದೂ ಖಾತೆ ಅನುತ್ಪಾದಕವಾಗುತ್ತಿತ್ತು, ಮರು ಹಂಗಾಮಿಗೆ ಭತ್ತ ಕೊಳ್ಳಲು ಯಾವ ಬ್ಯಾಂಕೂ ಹಣ ಕೊಡುತ್ತಿರಲಿಲ್ಲ. ಮುಂದಿನ ಸೆಪ್ಟೆಂಬರಿನೊಳಗೆ ಅವರು ಮೀಸಲನ್ನು ಮತ್ತೆ 15 ಲಕ್ಷಕ್ಕೆ ತುಂಬಿಸಿದರು.

ನಾನು ಬೇರೆ ಊರಿಗೆ ವರ್ಗವಾಗಿ ಹೋದ ಮೇಲೆ ಒಂದು ಸಂಜೆ ಹಿರಿಯಣ್ಣನ ಫೋನ್ ಬಂತು. ಕುಶಲ ವಿಚಾರಿಸಿ ಅವರು ಹೇಳಿದ್ದಿಷ್ಟು: 'ಸಾಹೇಬ್ರ, ಈ ಸಲ ನಾನೇ ಕುಂತು ಲೆಕ್ಕ ಹಾಕೀನ್ರಿ. ನಮ್ಮ ಇಪ್ಪತ್ತು ರೂಪಾಯಿ ಈಗ ಮೂವತ್ತೊಂದು ಆಗೈತಿ. ಸಾಲ ಇನ್ನೂ ನಾಕು ವರ್ಷ ಐತಿ ಖರೆ, ಆದ್ರ ರಾತ್ರಿ ನಿದ್ದಿ ಬರತೈತ್ರಿ.'